ಅಂಕಪಟ್ಟಿಯ ಫೋಟೋದಿಂದ ಟೇಬಲ್‌ಗೆ: ಮೂರು ಅಡ್ಮಿಷನ್ ಸೀಸನ್ ಟೆಸೆರಾಕ್ಟ್ ಬಳಸಿದ ಮೇಲೆ

ತೀರ್ಥಹಳ್ಳಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಅಡ್ಮಿಷನ್ ಕೆಲಸ ನನ್ನದು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ಅಂಕಪಟ್ಟಿಯ ಫೋಟೋಗಳು ವಾಟ್ಸಾಪ್‌ನಲ್ಲಿ ಬಂದು ಬೀಳುತ್ತವೆ. ಅದರಲ್ಲಿರುವ ಆರು ವಿಷಯಗಳ ಅಂಕ, ಮೊತ್ತ ಎಲ್ಲ ಎಕ್ಸೆಲ್‌ಗೆ ಹೋಗಬೇಕು, ಗ್ರೇಡ್ ಹಾಕಬೇಕು, ಪಟ್ಟಿ ಬೋರ್ಡಿಗೆ ಅಂಟಿಸಬೇಕು. ಮೂರು ವರ್ಷದಿಂದ ಇದಕ್ಕೆ ಟೆಸೆರಾಕ್ಟ್ ಬಳಸುತ್ತಿದ್ದೇನೆ. ಚಿತ್ರದಲ್ಲಿರುವ ಅಕ್ಷರ ಓದುವ ಉಚಿತ ಪ್ರೋಗ್ರಾಂ ಇದು, ಇಂಟರ್ನೆಟ್ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಹೇಗಿರುತ್ತದೆ ಅಂತ ಗೊತ್ತಲ್ವಾ, ನಾನು ಇದನ್ನು ಹಿಡಿದುಕೊಂಡಿದ್ದು ಅದಕ್ಕೇ. ಮಕ್ಕಳ ಹುಟ್ಟಿದ ದಿನಾಂಕ, ತಂದೆ ತಾಯಿ ಹೆಸರು ಇರುವ ಕಾಗದವನ್ನು ಯಾವುದೋ ವೆಬ್‌ಸೈಟಿಗೆ ಹಾಕೋದು ನನಗೆ ಇಷ್ಟವೂ ಇಲ್ಲ.

ಮೊದಲ ವರ್ಷ ಇಡೀ ಅಂಕಪಟ್ಟಿಯನ್ನೇ ಒಂದೇ ಸಲ ಓದಿಸಿದೆ. ಅದು ತಪ್ಪು. ಟೇಬಲ್‌ನ ಉದ್ದ ಗೆರೆಗಳನ್ನು ಅದು 1 ಅಂತ ಓದುತ್ತದೆ, 83 ಇದ್ದದ್ದು 183 ಆಗುತ್ತದೆ. ಕನ್ನಡ ಭಾಷೆಯನ್ನೂ ಸೇರಿಸಿ ಓದಿಸಿದಾಗ ಇನ್ನೊಂದು ತೊಂದರೆ ಶುರುವಾಯಿತು. ಸೊನ್ನೆ ಇರುವ ಕಡೆ ಕನ್ನಡದ ೦ ಬಂದು ಕೂರುತ್ತಿತ್ತು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಎಕ್ಸೆಲ್‌ಗೆ ಅದು ಸಂಖ್ಯೆಯೇ ಅಲ್ಲ. ಅದಕ್ಕೇ ಈಗ ಅಂಕದ ಕಾಲಂ ಮಾತ್ರ, ಗೆರೆ ಒಳಗೆ ಬರದ ಹಾಗೆ, ಉದ್ದ ಪಟ್ಟಿಯಾಗಿ ಪೇಂಟ್‌ನಲ್ಲಿ ಕತ್ತರಿಸಿಕೊಳ್ಳುತ್ತೇನೆ. ಆಮೇಲೆ ಎರಡೇ ಸಾಲು:

```
magick patti.png -colorspace Gray -resize 200% patti2.png
tesseract patti2.png anka -l eng --psm 6 -c tessedit_char_whitelist=0123456789
```

ಮೊದಲನೆಯದು ಇಮೇಜ್‌ಮ್ಯಾಜಿಕ್ ಅನ್ನುವ ಇನ್ನೊಂದು ಉಚಿತ ಪ್ರೋಗ್ರಾಂನದ್ದು, ಬಣ್ಣ ತೆಗೆದು ಚಿತ್ರವನ್ನು ಎರಡರಷ್ಟು ದೊಡ್ಡದು ಮಾಡುತ್ತದೆ. ಎರಡನೆಯದು ಅಂಕಿ ಬಿಟ್ಟು ಬೇರೇನೂ ಓದಬೇಡ ಅನ್ನುತ್ತದೆ. `anka.txt` ಅಂತ ಒಂದು ಫೈಲ್ ಸಿಗುತ್ತದೆ, ಸಾಲಿಗೊಂದು ಅಂಕ. ಥಿಯರಿ ಕಾಲಂ, ಇಂಟರ್ನಲ್ ಕಾಲಂ, ವಿಷಯದ ಒಟ್ಟು ಅಂಕದ ಕಾಲಂ, ಮೂರನ್ನೂ ಬೇರೆಬೇರೆಯಾಗಿ ಓದಿಸುತ್ತೇನೆ. ಇದು ಸುಮ್ನೆ ಜಾಸ್ತಿ ಕೆಲಸ ಅಂತ ಮೊದಲು ಅನಿಸಿತ್ತು. ಯಾಕೆ ಬೇಕು ಅಂತ ಒಬ್ಬ ಹುಡುಗಿಯ ಅಂಕಪಟ್ಟಿ ಕಲಿಸಿತು.

ಅವಳ ಅಂಕಗಳು ಹೀಗಿದ್ದವು: ಕನ್ನಡ 113, ಇಂಗ್ಲಿಷ್ 78, ಹಿಂದಿ 89, ಗಣಿತ 71, ವಿಜ್ಞಾನ 68, ಸಮಾಜ 83. ಮುದ್ರಿಸಿದ ಮೊತ್ತ 502. ಆ ವರ್ಷ ನಾನು ವಿಷಯದ ಅಂಕ ಮಾತ್ರ ಓದಿಸಿ, ಮೊತ್ತವನ್ನು ಎಕ್ಸೆಲ್‌ನಿಂದಲೇ ಕೂಡಿಸಿದ್ದೆ. ಪಟ್ಟಿ ಹಾಕಿದ ಸಂಜೆ ಅವಳ ತಂದೆ ಫೋನ್ ಮಾಡಿದರು. "ಮೇಡಂ, ನಮ್ಮ ಮಗಳದ್ದು ಐನೂರಾ ಎರಡು. ನಿಮ್ಮ ಪಟ್ಟಿಯಲ್ಲಿ ಬಿ ಪ್ಲಸ್ ಅಂತ ಹಾಕಿದ್ದೀರಲ್ಲ?" ಅಂದರು. ತೆಗೆದು ನೋಡಿದರೆ ಸಮಾಜದ 83 ನಮ್ಮಲ್ಲಿ 63 ಆಗಿತ್ತು. ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಹೊಳೆದು 8ರ ಮೇಲ್ಭಾಗದ ಬಲಗಡೆ ಅಳಿಸಿದ ಹಾಗಾಗಿತ್ತು, ಉಳಿದದ್ದು 6ರ ಥರವೇ ಕಾಣುತ್ತಿತ್ತು. ಮೊತ್ತ 482 ಆಗಿ ಗ್ರೇಡ್ ಇಳಿದಿತ್ತು. ಎ ಗ್ರೇಡ್‌ಗೆ ಬೇಕಾದ್ದು 500. ಆ ಹುಡುಗಿ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲವಂತೆ. ಅದನ್ನು ಕೇಳಿ ನನಗೆ ತುಂಬಾ ಬೇಜಾರಾಯಿತು.

ಅವತ್ತಿನಿಂದ ಮುದ್ರಿಸಿದ ಮೊತ್ತವನ್ನು ಫೋಟೋ ನೋಡಿ ಕೈಯಲ್ಲೇ ಟೈಪ್ ಮಾಡುತ್ತೇನೆ. ಆರು ವಿಷಯ B ಇಂದ G ತನಕ, ಮೊತ್ತ H ನಲ್ಲಿ. ಪಕ್ಕದಲ್ಲಿ ಈ ಸೂತ್ರ:

```
=IF(AND(COUNT(B2:G2)=6,SUM(B2:G2)=H2),"ಸರಿ","ನೋಡಿ")
```

ಇದರಲ್ಲಿ COUNT ಬಿಡಬೇಡಿ. ಒಂದು ಅಂಕ ಅಕ್ಷರವಾಗಿ ಬಂದಿದ್ದರೆ SUM ಅದನ್ನು ಬಿಟ್ಟು ಮುಂದೆ ಕೂಡಿಸುತ್ತದೆ, ಏನೂ ಹೇಳುವುದಿಲ್ಲ. COUNT ಇದ್ದರೆ ಎಣಿಕೆ ಆರರ ಬದಲು ಐದಾಗುತ್ತದೆ, ಆ ಸಾಲಿಗೆ "ನೋಡಿ" ಅಂತ ಖಂಡಿತ ಬರುತ್ತದೆ.

"ನೋಡಿ" ಅಂತ ಬಂದಾಗ ಎರಡು ಮೊತ್ತದ ವ್ಯತ್ಯಾಸ ನೋಡಿ. ಆ ಹುಡುಗಿಯದ್ದು 502ರಲ್ಲಿ 482 ಕಳೆದರೆ 20. ಅಂದರೆ ಎಲ್ಲೋ ಒಂದು ಕಡೆ ಹತ್ತರ ಸ್ಥಾನದಲ್ಲಿ 8 ಹೋಗಿ 6 ಬಂದಿರಬೇಕು. ವ್ಯತ್ಯಾಸ 60 ಆದರೆ 7 ಬಹುಶಃ 1 ಆಗಿದೆ. 5 ಆದರೆ ಬಿಡಿ ಸ್ಥಾನದ 8 ಬಹುಶಃ 3 ಆಗಿದೆ. ವ್ಯತ್ಯಾಸ 9 ಬಂದರೆ ನಾನು ಮೊದಲು ಕೈಯಲ್ಲಿ ಟೈಪ್ ಮಾಡಿದ ಮೊತ್ತವನ್ನು ನೋಡುತ್ತೇನೆ, 478 ಬದಲು 487 ಹೊಡೆದಿರುತ್ತೇನೆ. ಆಮೇಲೆ ಅಡ್ಡ ಸಾಲು. ಅವಳ ಸಮಾಜದಲ್ಲಿ ಥಿಯರಿ 64, ಇಂಟರ್ನಲ್ 19, ಕೂಡಿಸಿದರೆ 83. ಓದಿದ್ದು 63. ಮೂರು ಕಾಲಂ ಓದಿಸಿಟ್ಟಿದ್ದರೆ ಯಾವ ವಿಷಯದಲ್ಲಿ ತಪ್ಪಿದೆ ಅಂತ ಫೋಟೋ ತೆರೆಯದೆಯೇ ಹೇಳಬಹುದು.

ಟೆಸೆರಾಕ್ಟ್ ಪ್ರತಿ ಪದಕ್ಕೂ ತನಗೆ ಎಷ್ಟು ನಂಬಿಕೆ ಇದೆ ಅಂತ ಒಂದು ಅಂಕಿ ಕೊಡುತ್ತದೆ. `tsv` ಅಂತ ಕೇಳಿದರೆ `conf` ಕಾಲಂನಲ್ಲಿ ಬರುತ್ತದೆ. ನಾನು ಅದನ್ನು ನೆಚ್ಚಿಕೊಳ್ಳುವುದಿಲ್ಲ. ತಪ್ಪಾಗಿ ಓದಿದ ಅಂಕಕ್ಕೂ ಅದು 90ರ ಮೇಲೆ ಕೊಟ್ಟಿದ್ದನ್ನು ನೋಡಿದ್ದೇನೆ.

ಓದಿದ್ದೆಲ್ಲ ಸರಿ ಇದ್ದರೂ ಗ್ರೇಡ್ ತಪ್ಪಬಹುದು. ಅದೇ ಹುಡುಗಿಯ ಲೆಕ್ಕ ನೋಡಿ. ಪ್ರಥಮ ಭಾಷೆಗೆ 125 ಅಂಕ, ಉಳಿದ ಐದಕ್ಕೆ 100, ಒಟ್ಟು 625. 502 ಅಂದರೆ ಶೇ. 80.32, ಎ ಗ್ರೇಡ್. ನಮ್ಮ ಹಳೆಯ ಎಕ್ಸೆಲ್ ಶೀಟ್‌ನಲ್ಲಿ ಒಂದೊಂದು ವಿಷಯದ ಶೇಕಡಾ ತೆಗೆದು ಆರರಿಂದ ಭಾಗಿಸುವ ಸೂತ್ರ ಇತ್ತು. ಕನ್ನಡದ 113 ಹಾಗೆ ಮಾಡಿದರೆ 90.4 ಆಗುತ್ತದೆ, ಉಳಿದದ್ದು ಕೂಡಿಸಿ ಭಾಗಿಸಿದರೆ 79.9 ಬರುತ್ತದೆ. ಮತ್ತೆ ಬಿ ಪ್ಲಸ್! 83 ಸರಿ ಮಾಡಿದ ಮೇಲೂ ಗ್ರೇಡ್ ಯಾಕೆ ಬದಲಾಗಲಿಲ್ಲ ಅಂತ ತಲೆ ಕೆಡಿಸಿಕೊಂಡು ಆ ಸೂತ್ರ ಹುಡುಕಿದೆ. ಈಗ ಶೇಕಡಾ ಗೊಡವೆಯೇ ಇಲ್ಲ. ಮೊತ್ತವನ್ನೇ ನೋಡುತ್ತೇನೆ: 563ರಿಂದ ಎ ಪ್ಲಸ್, 500ರಿಂದ ಎ, 438ರಿಂದ ಬಿ ಪ್ಲಸ್.

ನಮ್ಮ ಕಾಲೇಜಿನ ಟೆಸ್ಟ್‌ಗಳ ಅಂಕಪಟ್ಟಿಗೂ ಇದನ್ನೇ ಬಳಸಲು ಹೋದೆ, ಬೇಡ ಅನಿಸಿತು. ಕೈಬರಹ ಇದಕ್ಕೆ ಬರುವುದಿಲ್ಲ. ಪ್ರಿಂಟ್ ಇದ್ದರೂ ಗೈರಾದವರಿಗೆ AB ಅಂತ ಇರುತ್ತದೆ. ಅಂಕಿ ಮಾತ್ರ ಓದು ಅಂದಿರುವಾಗ ಆ AB ಕೆಲವು ಸಲ ಯಾವುದೋ ಅಂಕಿ ಆಗುತ್ತದೆ, ಕೆಲವು ಸಲ ಸಾಲೇ ಮಾಯವಾಗುತ್ತದೆ. ಸಾಲು ಹೋದರೆ ಕೆಳಗಿನ ಅಂಕಗಳೆಲ್ಲ ಒಂದು ಮೇಲಕ್ಕೆ ಜರುಗುತ್ತವೆ, ಒಬ್ಬರ ಅಂಕ ಇನ್ನೊಬ್ಬರಿಗೆ ಹೋಗುತ್ತದೆ. ಗೈರಿಗೆ ಅಂಕ ಇಲ್ಲದ ಕಾರಣ ಕೆಳಗಿನ ಮೊತ್ತ ಮಾತ್ರ ಸರಿಯಾಗಿಯೇ ಇರುತ್ತದೆ! ಸಾಲು ಎಣಿಸದೆ ಇದು ಸಿಗುವುದಿಲ್ಲ.

ನಲವತ್ತು ಮಕ್ಕಳಷ್ಟೇ ಇದ್ದರೆ ಕೈಯಲ್ಲಿ ಟೈಪ್ ಮಾಡುವುದೇ ಬೇಗ, ಮೇಲಿನ ಸೂತ್ರ ಮಾತ್ರ ಹಾಕಿಕೊಳ್ಳಿ. ಇನ್ನೂರು ದಾಟಿದರೆ ಟೆಸೆರಾಕ್ಟ್‌ನಿಂದ ನಿಜವಾಗಿ ಉಪಯೋಗ ಇದೆ. ಪೋಷಕರಿಗೆ ಈಗ ಮೊದಲೇ ಹೇಳಿಬಿಡುತ್ತೇನೆ: ಲ್ಯಾಮಿನೇಷನ್ ಇದ್ದರೆ ಹಗಲು ಹೊತ್ತು ಜಗಲಿ ಮೇಲಿಟ್ಟು, ಫ್ಲ್ಯಾಶ್ ಹಾಕದೆ, ನೇರ ಮೇಲಿನಿಂದ ಫೋಟೋ ತೆಗೆಯಿರಿ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಅದು ಚಿತ್ರವನ್ನು ಚಿಕ್ಕದು ಮಾಡುತ್ತದೆ, 8 ಮತ್ತು 6ರ ನಡುವಿನ ಗೆರೆ ಮೊದಲು ಹೋಗುವುದು ಅಲ್ಲೇ.