ಪಂಚ್‌ಲೈನ್ ಯಾಕೆ ನಗಿಸುತ್ತದೆ: ಕಾಂಟ್ ಮಾತೋ, ಸಲ್ಸ್ ಮಾತೋ?

ಜೋಕ್ ಬರೆಯುವವರು ನಿರೀಕ್ಷೆಗೆ ಹೊಂದದ್ದು ಎದುರಾದಾಗ ನಗು ಬರುತ್ತದೆ ಅನ್ನುವ ಅಸಂಗತಿ ಸಿದ್ಧಾಂತವನ್ನು ಎರಡು ರೀತಿಯಲ್ಲಿ ಹಿಡಿಯಬಹುದು. 1790ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ಹೇಳಿದ್ದು, ಬಿಗಿಯಾಗಿ ಕಟ್ಟಿದ ನಿರೀಕ್ಷೆ ಇದ್ದಕ್ಕಿದ್ದಂತೆ ಏನೂ ಇಲ್ಲದಂತಾದಾಗ ನಗು ಬರುತ್ತದೆ ಅಂತ. 1972ರಲ್ಲಿ ಮನಶ್ಶಾಸ್ತ್ರಜ್ಞ ಜೆರ್ರಿ ಸಲ್ಸ್ ಇದನ್ನು ಎರಡು ಹಂತ ಮಾಡಿದರು: ಮೊದಲು ಕೊನೆಯ ಮಾತು ಹೊಂದುವುದಿಲ್ಲ, ಆಮೇಲೆ ಅದನ್ನು ಹೊಂದಿಸುವ ಎಳೆ ನಮಗೇ ಸಿಗುತ್ತದೆ.

ಒಂದು ಜೋಕ್ ನೋಡಿ. ಪ್ರವಾಸದ ಬಸ್ಸಿನವನು "ತಲೆಗೆ ಐನೂರು" ಅಂದ. ತಾತ ಅಂದರು: "ನನಗೆ ಬೇಡಪ್ಪ, ನಿನ್ನೆ ತಾನೇ ಕ್ಷೌರ ಆಯ್ತು."

ಈಗ ತಾತನ ಬಾಯಲ್ಲಿ "ಹಲಸಿನ ಮರ ಹಸಿರು" ಅಂತ ಹಾಕಿ. ಅದೂ ಅನಿರೀಕ್ಷಿತವೇ, ಆದರೆ ಜನ ಮುಖ ಮುಖ ನೋಡುತ್ತಾರೆ, ಅಲ್ವಾ? ಕಾಂಟ್ ಮಾತಿನಿಂದ ಈ ವ್ಯತ್ಯಾಸ ಸರಿಯಾಗಿ ಬಿಡಿಸಲಾಗುವುದಿಲ್ಲ. ಸಲ್ಸ್ ಬಿಡಿಸುತ್ತಾರೆ: "ಕ್ಷೌರ" ಕೇಳಿದ ಕೂಡಲೇ ಮನಸ್ಸು ಹಿಂದಕ್ಕೆ ಹೋಗಿ "ತಲೆಗೆ" ಅನ್ನೋದನ್ನು ಮತ್ತೆ ಓದುತ್ತದೆ, ಒಬ್ಬರಿಗೆ ಅಂತ ಅಂದುಕೊಂಡಿದ್ದು ತಲೆಕೂದಲಿಗೆ ಅಂತಾಗುತ್ತದೆ.

ನಾನಂತೂ ತಿದ್ದುವಾಗ ಸಲ್ಸ್ ಕಡೆಗೇ. ನಗು ಬರಲಿಲ್ಲ ಅಂದರೆ ಆ ಎಳೆ ಮೊದಲೇ ಬಿಟ್ಟುಕೊಟ್ಟಿರುತ್ತೇವೆ, ಅಂದರೆ ತಾತ ಈಗಷ್ಟೇ ಕ್ಷೌರದಂಗಡಿಯಿಂದ ಬಂದರು ಅಂತ ಶುರುವಲ್ಲೇ ಹೇಳಿಬಿಟ್ಟಿರುತ್ತೇವೆ, ಇಲ್ಲವೇ ಎಳೆಯೇ ಇರುವುದಿಲ್ಲ. ಆದರೆ ಆನೆ ಛತ್ರಿ ಹಿಡಿದು ಬಂತು ಅಂದರೆ ಮಕ್ಕಳು ಸುಮ್ನೆ ನಗುತ್ತಾರೆ, ಅಲ್ಲಿ ಹೊಂದಿಸಲು ಏನೂ ಇಲ್ಲ. ಅಂಥ ತಲೆಬುಡವಿಲ್ಲದ ತಮಾಷೆ ಬರೆಯುವವರಿಗೆ ಕಾಂಟ್ ಮಾತೇ ಜಾಸ್ತಿ ಹತ್ತಿರ.