ಎರಡು ಡಿಸ್ಕ್ ಇದ್ದ ಮಾತ್ರಕ್ಕೆ ಎರಡು ಪ್ರತಿ ಇರುವುದಿಲ್ಲ

ಎರಡು ಡಿಸ್ಕ್‌ಗಳ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಯನ್ನು ಕೊಂಡು, "ಇದರಲ್ಲಿ ಡಿಸ್ಕ್‌ಗಳನ್ನು ಒಂದೇ ಡ್ರೈವ್‌ನಂತೆ ಜೋಡಿಸುವ ರೇಡ್ ಇದೆ, ಇನ್ನು ಬ್ಯಾಕಪ್ ಬೇಕಿಲ್ಲ" ಎಂಬ ಮಾರಾಟಗಾರರ ಮಾತನ್ನು ನಂಬಿಕೊಂಡಿರುವವರು, ಅದರಲ್ಲಿ ಒಟ್ಟು ಎಷ್ಟು ಜಾಗ ಕಾಣಿಸುತ್ತಿದೆ ಎಂಬುದನ್ನು ದಯವಿಟ್ಟು ಇಂದೇ ನೋಡಿಕೊಳ್ಳಿ. ಮದುವೆ ಫೋಟೊ ಮತ್ತು ವಿಡಿಯೊ ಮಾಡುವ ಸ್ಟುಡಿಯೊ ನಡೆಸುವ ನನ್ನ ತಮ್ಮನಿಗೆ ಇದೇ ಮಾತು ಹೇಳಿ ಪೆಟ್ಟಿಗೆ ಮಾರಿದ ಅಂಗಡಿಯವರೇ ಅದನ್ನು ಸಿದ್ಧಪಡಿಸಿಯೂ ಕೊಟ್ಟಿದ್ದರು. ಒಳಗಿದ್ದದ್ದು 4 ಟಿಬಿಯ ಎರಡು ಡಿಸ್ಕ್‌ಗಳು. ವಿಂಡೋಸ್‌ನಲ್ಲಿ ಆ ಡ್ರೈವ್ ಸುಮಾರು 7.27 ಟಿಬಿ ಎಂದು ಕಾಣುತ್ತಿತ್ತು. ಒಂದು ಡಿಸ್ಕ್ ಇನ್ನೊಂದರ ಪ್ರತಿಯಾಗಿದ್ದರೆ ಅದರ ಅರ್ಧ, ಅಂದರೆ 3.63ರಷ್ಟು ಮಾತ್ರ ಕಾಣಬೇಕಿತ್ತು. ಅಂಗಡಿಯವರು ಹಾಕಿಕೊಟ್ಟಿದ್ದದ್ದು ಸ್ಟ್ರೈಪಿಂಗ್, ಅಂದರೆ ರೇಡ್ 0. (ಡಿಸ್ಕ್‌ಗಳನ್ನು ಸುಮ್ಮನೆ ಒಂದರ ಮುಂದೆ ಒಂದು ಸೇರಿಸಿದ್ದರೂ ಇಷ್ಟೇ ಜಾಗ ಕಾಣುತ್ತದೆ, ಅಲ್ಲಿಯೂ ಎರಡನೇ ಪ್ರತಿ ಇರುವುದಿಲ್ಲ.)

ಸ್ಟ್ರೈಪಿಂಗ್‌ನಲ್ಲಿ ಪ್ರತಿ ಫೈಲೂ ತುಂಡುತುಂಡಾಗಿ ಎರಡು ಡಿಸ್ಕ್‌ಗಳಿಗೆ ಸರದಿಯ ಮೇಲೆ ಹಂಚಿಹೋಗುತ್ತದೆ. ತುಂಡಿನ ಅಳತೆ 64 ಕೆಬಿ ಎಂದಿಟ್ಟುಕೊಂಡರೆ, ಕ್ಯಾಮೆರಾದ 25 ಎಂಬಿಯ ಒಂದು ರಾ ಫೈಲು 400 ತುಂಡಾಗಿ, ಇನ್ನೂರು ಒಂದರಲ್ಲೂ ಇನ್ನೂರು ಮತ್ತೊಂದರಲ್ಲೂ ಕುಳಿತುಕೊಳ್ಳುತ್ತದೆ. ಎರಡೂ ಡಿಸ್ಕ್‌ಗಳು ಒಟ್ಟಿಗೆ ಓದುವುದರಿಂದ ವೇಗ ಹೆಚ್ಚುತ್ತದೆಂಬುದು ನಿಜ. ಆದರೆ ಒಂದು ಡಿಸ್ಕ್ ಕೆಟ್ಟ ದಿನ ಅರ್ಧದಷ್ಟು ಫೋಟೊಗಳು ಉಳಿಯುತ್ತವೆಂದು ಯಾರೂ ಭಾವಿಸಬಾರದು: ಉಳಿಯುವುದು ಪ್ರತಿ ಫೋಟೊದ ಒಂದು ಬಿಟ್ಟು ಒಂದರಂತೆ ಅರ್ಧ ತುಂಡುಗಳು, ಅವುಗಳಿಂದ ಚಿತ್ರ ತೆರೆಯುವುದಿಲ್ಲ. ಯಾವ ಫೈಲು ಎಲ್ಲಿದೆ ಎಂದು ತಿಳಿಸುವ ಫೈಲ್ ಸಿಸ್ಟಮ್‌ನ ಪಟ್ಟಿಯೂ ಹಾಗೆಯೇ ಹರಿದಿರುತ್ತದೆ. ಎರಡರಲ್ಲಿ ಯಾವುದೇ ಒಂದು ಕೆಟ್ಟರೂ ಎಲ್ಲವೂ ಹೋಗುವುದರಿಂದ, ಒಂದೇ ಡಿಸ್ಕ್ ಇಟ್ಟುಕೊಂಡಿದ್ದಕ್ಕಿಂತ ಅಪಾಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತಮ್ಮನ ಪೆಟ್ಟಿಗೆಯಲ್ಲಿ ಒಂದು ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಲಾರಂಭಿಸಿ ನಿಂತುಹೋಯಿತು. ಇಂತಹ ಡಿಸ್ಕ್ ಅನ್ನು ಮತ್ತೆ ಮತ್ತೆ ಆನ್ ಮಾಡಿ ನೋಡಬಾರದು, ಒಳಗಿನ ಹೆಡ್ ಪ್ಲ್ಯಾಟರನ್ನು ಗೀರಿಹಾಕಬಹುದು. ರಿಕವರಿಗೆ ಕೊಡುವುದಾದರೆ ಎರಡೂ ಡಿಸ್ಕ್‌ಗಳನ್ನು ಕೊಡಬೇಕು.

ಹೊಸ ಡಿಸ್ಕ್‌ಗಳೊಂದಿಗೆ ಅಂಗಡಿಯವರು ಈ ಬಾರಿ ಮಿರರಿಂಗ್, ಅಂದರೆ ರೇಡ್ 1 ಹಾಕಿಕೊಟ್ಟು, ಬ್ಯಾಕಪ್ ಬೇಡವೆಂಬ ಹಳೆಯ ಮಾತನ್ನೇ ಪುನಃ ಹೇಳಿದರು. ಮಿರರಿಂಗ್‌ನಲ್ಲಿ ಬರೆದದ್ದೆಲ್ಲವೂ ಎರಡೂ ಡಿಸ್ಕ್‌ಗಳಿಗೆ ಹೋಗುತ್ತದೆ. ಒಂದು ಕೆಟ್ಟರೆ ಇನ್ನೊಂದರಿಂದ ಕೆಲಸ ನಡೆಯುತ್ತದೆ. ಅದರ ತೊಂದರೆಯೂ ಅಲ್ಲಿಯೇ ಇದೆ: ಕೆಲಸ ನಿಲ್ಲದೆ ಇರುವುದರಿಂದ ಒಂದು ಡಿಸ್ಕ್ ಸತ್ತಿರುವುದು ತಿಂಗಳುಗಟ್ಟಲೆ ಗೊತ್ತಾಗದಿರಬಹುದು. ಲಿನಕ್ಸ್ ಆಧಾರಿತ ಪೆಟ್ಟಿಗೆಗಳಲ್ಲಿ ಹೀಗೆ ನೋಡಬಹುದು:

```
$ cat /proc/mdstat
md0 : active raid1 sdb1[1](F) sda1[0]
      3906885440 blocks super 1.2 [2/1] [U_]
```

`[UU]` ಇದ್ದರೆ ಎರಡೂ ಡಿಸ್ಕ್ ಕೆಲಸ ಮಾಡುತ್ತಿವೆ; ಮೇಲಿನಂತೆ `[U_]` ಇದ್ದರೆ ಒಂದು ಹೊರಬಿದ್ದಿದೆ. ಹೊಸ ಡಿಸ್ಕ್ ಹಾಕಿದ ಮೇಲೂ 4 ಟಿಬಿ ನಕಲಾಗಲು, ಸೆಕೆಂಡಿಗೆ 150 ಎಂಬಿ ವೇಗವಿದ್ದರೆ ಏಳು ಗಂಟೆಗೂ ಹೆಚ್ಚು ಬೇಕು, ಮತ್ತು ಅಷ್ಟು ಹೊತ್ತೂ ಉಳಿದಿರುವುದು ಒಂದೇ ಪ್ರತಿ.

ತಮ್ಮನಿಗೆ ಎರಡನೇ ಬಾರಿ ನಷ್ಟವಾದದ್ದು ಡಿಸ್ಕ್ ಕೆಟ್ಟದ್ದರಿಂದಲ್ಲ. ಎಡಿಟಿಂಗ್ ಮಾಡುವ ಹುಡುಗನೊಬ್ಬ ಜಾಗ ಮಾಡಲೆಂದು ಹಳೆಯ ಫೋಲ್ಡರ್ ಅಳಿಸುವಾಗ, ಆಲ್ಬಮ್ ಇನ್ನೂ ಆಗಿರದ ಮದುವೆಯೊಂದರ ಫೋಲ್ಡರ್ ಕೂಡ ಹೋಯಿತು. ನೆಟ್‌ವರ್ಕ್ ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ವಿಂಡೋಸ್‌ನ ರೀಸೈಕಲ್ ಬಿನ್‌ಗೆ ಬರುವುದಿಲ್ಲ. ಪೆಟ್ಟಿಗೆಯಲ್ಲಿಯೇ ಇದ್ದ ಅಂತಹ ಸೌಲಭ್ಯವನ್ನು ಅಂಗಡಿಯವರು ಚಾಲೂ ಮಾಡಿರಲಿಲ್ಲ. ಅಳಿಸು ಎಂಬ ಆದೇಶವೂ ರೇಡ್‌ನ ಪಾಲಿಗೆ ಒಂದು ಬರವಣಿಗೆಯೇ ಆದ್ದರಿಂದ, ಅದು ಎರಡೂ ಡಿಸ್ಕ್‌ಗಳಲ್ಲಿ ಒಂದೇ ಕ್ಷಣದಲ್ಲಿ ಜಾರಿಯಾಯಿತು. ರ‍್ಯಾನ್ಸಮ್‌ವೇರ್ ಫೈಲುಗಳನ್ನು ಲಾಕ್ ಮಾಡಿದರೂ, ಫೈಲಿನ ಮೇಲೆ ತಪ್ಪಾಗಿ ಸೇವ್ ಮಾಡಿದರೂ ಮಿರರಿಂಗ್ ಇದನ್ನೇ ಮಾಡುತ್ತದೆ. ಕಳ್ಳತನವಾದರೆ ಅಥವಾ ವಿದ್ಯುತ್ ಏರಿಳಿತಕ್ಕೆ ಪೆಟ್ಟಿಗೆಯೇ ಸುಟ್ಟರೆ ಎರಡೂ ಡಿಸ್ಕ್‌ಗಳು ಒಟ್ಟಿಗೆ ಹೋಗಬಹುದೆಂದು ವಿವರಿಸಬೇಕಾಗಿಲ್ಲ.

ಬ್ಯಾಕಪ್ ಎಂದರೆ ನಿನ್ನೆಯ ಅಥವಾ ಹೋದ ವಾರದ ಸ್ಥಿತಿಯನ್ನು ಇಂದಿನ ಅಳಿಸುವಿಕೆ ತಲುಪದ ಜಾಗದಲ್ಲಿ ಇಟ್ಟಿರುವುದು. ಮಿರರ್‌ನಲ್ಲಿ ನಿನ್ನೆ ಎಂಬುದೇ ಇರುವುದಿಲ್ಲ. ಈಗ ಸ್ಟುಡಿಯೊದಲ್ಲಿ ಎರಡು ಹೊರಗಿನ ಡಿಸ್ಕ್‌ಗಳಿದ್ದು, ಒಂದಕ್ಕೆ ನಕಲು ಮಾಡಿ ಕೂಡಲೇ ಕೇಬಲ್ ತೆಗೆದಿಡಲಾಗುತ್ತದೆ, ಇನ್ನೊಂದು ತಮ್ಮನ ಮನೆಯಲ್ಲಿರುತ್ತದೆ. ವಾರಕ್ಕೊಮ್ಮೆ ಅವು ಅದಲುಬದಲಾಗುತ್ತವೆ. ಹಳೆಯ ಆವೃತ್ತಿಗಳು ಉಳಿಯುವಂತೆ ತಾರೀಕಿನ ಪ್ರಕಾರ ಫೋಲ್ಡರ್‌ಗಳಿವೆ. ಕ್ಯಾಮೆರಾದ ಕಾರ್ಡ್ ಅನ್ನು ಫಾರ್ಮ್ಯಾಟ್ ಮಾಡುವ ಮೊದಲು, ಆ ಹೊರಗಿನ ಡಿಸ್ಕ್‌ನಿಂದಲೇ ಕೆಲವು ರಾ ಫೈಲುಗಳನ್ನು ಬೇರೊಂದು ಕಂಪ್ಯೂಟರ್‌ನಲ್ಲಿ ತೆರೆದು, ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡುತ್ತಾರೆ.