ಲಿಫ್ಟ್ ಅಂಡ್ ಶಿಫ್ಟಾ, ರಿಫ್ಯಾಕ್ಟರಿಂಗಾ? ದಲಾಲಿ ಅಂಗಡಿಯ ಸಾಫ್ಟ್‌ವೇರನ್ನು ಎರಡೂ ಥರ ಸಾಗಿಸಿ ನೋಡಿದ ಮೇಲೆ

ಹಳೇ ಸಾಫ್ಟ್‌ವೇರನ್ನು ಕ್ಲೌಡ್‌ಗೆ ಸಾಗಿಸುವಾಗ ಇದ್ದ ಹಾಗೇ ಎತ್ತಿಡುವುದು ಲಿಫ್ಟ್ ಅಂಡ್ ಶಿಫ್ಟ್, ಕೋಡ್ ತಿದ್ದಿ ಸಾಗಿಸುವುದು ರಿಫ್ಯಾಕ್ಟರಿಂಗ್. ನನ್ನ ಓಟು ರಿಫ್ಯಾಕ್ಟರಿಂಗ್‌ಗೆ. ಇಡೀ ಸಾಫ್ಟ್‌ವೇರ್ ಒಡೆದು ಕಟ್ಟಿ ಅಂತ ಹೇಳುತ್ತಿಲ್ಲ. ದಿನಾ ನೂರಾರು ಸಲ ತೆರೆಯುವ ಎರಡು ಮೂರು ಸ್ಕ್ರೀನ್ ಇರುತ್ತವಲ್ಲ, ಅವನ್ನು ಬದಲಿಸಿ ಆಮೇಲೆ ಸಾಗಿಸಿ. ಇದನ್ನು ನಾನು ಕಲಿತಿದ್ದು ದಾವಣಗೆರೆಯ ಮೆಕ್ಕೆಜೋಳದ ಸೀಸನ್ ಮಧ್ಯೆ, ರೈತರು ಕೌಂಟರ್ ಮುಂದೆ ಸಾಲಾಗಿ ನಿಂತಿದ್ದಾಗ.

ಅಂಗಡಿ ಎಪಿಎಂಸಿ ಯಾರ್ಡ್‌ನಲ್ಲಿದೆ. ಸಾಫ್ಟ್‌ವೇರ್ 2009ರದ್ದು, ವಿಬಿ ಡಾಟ್ ನೆಟ್‌ನಲ್ಲಿ ಬರೆದದ್ದು. ಹಿಂದೆ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್. ಸರ್ವರ್ ಅಂದರೆ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಧೂಳು ತಿನ್ನುತ್ತಿದ್ದ ಒಂದು ಟವರ್ ಡಬ್ಬ. ಮೂರು ಕಂಪ್ಯೂಟರ್ ಅದಕ್ಕೆ ತಗುಲಿಕೊಂಡಿದ್ದವು. ಎರಡು ಸಲ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಜೊತೆಗೆ ಸಾಹುಕಾರರು ಜಗಳೂರಿನಲ್ಲಿ ಇನ್ನೊಂದು ಅಂಗಡಿ ತೆಗೆದರು. ಅಲ್ಲಿಂದಲೂ ಇದೇ ಲೆಕ್ಕ ಕಾಣಬೇಕು ಅಂದರು. ಹಾಗಾಗಿ ಕ್ಲೌಡ್.

ಮೊದಲು ಲಿಫ್ಟ್ ಅಂಡ್ ಶಿಫ್ಟ್ ಮಾಡಿದೆ. ಸೆಪ್ಟೆಂಬರ್‌ನ ಒಂದು ಭಾನುವಾರ ಕೂತು ಡೇಟಾಬೇಸ್ ಬ್ಯಾಕಪ್ ತೆಗೆದೆ, ಮುಂಬೈನಲ್ಲಿ ಬಾಡಿಗೆಗೆ ಹಿಡಿದ ವಿಂಡೋಸ್ ಮಷೀನಿನಲ್ಲಿ ರಿಸ್ಟೋರ್ ಮಾಡಿದೆ, ನಡುವೆ ವಿಪಿಎನ್ ಹಾಕಿದೆ, ಅಂಗಡಿಯ ಮೂರೂ ಕಂಪ್ಯೂಟರಿನಲ್ಲಿ ಸರ್ವರ್ ವಿಳಾಸ ಬದಲಿಸಿದೆ. (1433 ಪೋರ್ಟನ್ನು ನೇರ ಇಂಟರ್ನೆಟ್‌ಗೆ ಮಾತ್ರ ಯಾವತ್ತೂ ತೆರೆಯಬೇಡಿ.) ಕೋಡಿನ ಒಂದು ಸಾಲನ್ನೂ ಮುಟ್ಟಲಿಲ್ಲ. ಸಂಜೆ ಹೊತ್ತಿಗೆ ಎಲ್ಲ ಓಡುತ್ತಿತ್ತು. ಹತ್ತು ಚೀಲದ ಒಂದು ಪಟ್ಟಿ, ಅಂದರೆ ರೈತರಿಗೆ ಕೊಡುವ ಲೆಕ್ಕದ ಚೀಟಿ, ಮಾಡಿ ನೋಡಿದೆ. ಒಂದೂವರೆ ಸೆಕೆಂಡ್ ತಗೊಂಡಿತು. ಪರವಾಗಿಲ್ಲ ಅನ್ನಿಸಿತು. ಅಲ್ಲೇ ನಾನು ಎಡವಿದ್ದು.

ಅಕ್ಟೋಬರ್‌ನಲ್ಲಿ ಮಾಲು ಬರಲು ಶುರುವಾಯಿತು. ಬೆಳಿಗ್ಗೆ ಹನ್ನೊಂದಕ್ಕೆ ಗುಮಾಸ್ತರ ಫೋನ್. "ಅಣ್ಣಾ, ಸೇವ್ ಒತ್ತಿದ್ರೆ ಸುತ್ತುತಾನೇ ಐತೆ. ರೈತ್ರು ಎದುರಿಗೇ ನಿಂತಾರೆ, ಏನ್ ಹೇಳ್ಲಿ?" ಹೋಗಿ ನೋಡಿದರೆ 120 ಚೀಲದ ಒಂದು ಪಟ್ಟಿ ಸೇವ್ ಆಗಲು ಹನ್ನೊಂದು ಸೆಕೆಂಡ್. ಮೂರೂ ಕೌಂಟರ್ ಒಟ್ಟಿಗೆ ಸೇವ್ ಒತ್ತಿದರೆ ಕೊನೆಯವರಿಗೆ ಅರ್ಧ ನಿಮಿಷದ ಮೇಲೆ.

ಎಲ್ಲರಿಗೂ ಮೊದಲು ಹೊಳೆಯುವುದೇ ನನಗೂ ಹೊಳೆಯಿತು: ಮಷೀನ್ ಸಣ್ಣದಾಯ್ತು. `t3.large` ಇದ್ದದ್ದನ್ನು `t3.xlarge` ಮಾಡಿದೆ. ಬಾಡಿಗೆ ಹೆಚ್ಚೂಕಡಿಮೆ ಎರಡರಷ್ಟಾಯಿತು. ಪಟ್ಟಿ ಮಾತ್ರ ಅದೇ ಹನ್ನೊಂದು ಸೆಕೆಂಡ್. ಟಾಸ್ಕ್ ಮ್ಯಾನೇಜರ್ ತೆಗೆದರೆ ಸಿಪಿಯು ನಾಲ್ಕು ಪರ್ಸೆಂಟ್ ಕೂಡ ಮುಟ್ಟಿರಲಿಲ್ಲ. ಸರ್ವರ್ ಸುಮ್ನೆ ಕೂತಿತ್ತು.

ಆಗ ಪ್ರೊಫೈಲರ್ ಹಚ್ಚಿ, ಒಂದು ಪಟ್ಟಿ ಸೇವ್ ಮಾಡಿಸಿ, ಡೇಟಾಬೇಸ್‌ಗೆ ಎಷ್ಟು ಸಲ ಕೇಳುತ್ತಿದೆ ಅಂತ ಎಣಿಸಿದೆ. 380 ಸಲ! ಚೀಲ ಚೀಲಕ್ಕೂ ತೂಕ ಬರೆಯುವುದು ಒಂದು, ದರ ಓದುವುದು ಒಂದು, ದಾಸ್ತಾನು ತಿದ್ದುವುದು ಒಂದು. 120 ಚೀಲಕ್ಕೆ 360 ಆಯಿತು. ಹಮಾಲಿ, ದಲಾಲಿ, ಸೆಸ್, ಖಾತೆ ಅಂತ ಇನ್ನೊಂದು ಇಪ್ಪತ್ತು. ಒಂದೊಂದೂ ಹೋಗಿ ಉತ್ತರ ತಂದ ಮೇಲೇ ಮುಂದಿನದು ಹೊರಡುತ್ತದೆ. ಅಂಗಡಿಯೊಳಗಿನ ವೈರಿನಲ್ಲಿ ಒಂದು ಸಲ ಹೋಗಿ ಬರಲು ಅರ್ಧ ಮಿಲಿಸೆಕೆಂಡ್ ಸಾಕು, 380 ಸಲಕ್ಕೆ ಸೆಕೆಂಡಿನ ಐದನೇ ಒಂದು ಭಾಗವೂ ಆಗಲ್ಲ. ಹದಿನೈದು ವರ್ಷ ಯಾರಿಗೂ ಗೊತ್ತಾಗದಿದ್ದದ್ದು ಅದಕ್ಕೇ. ಅಂಗಡಿಯಿಂದ ಮುಂಬೈಗೆ ಪಿಂಗ್ ಹೊಡೆದರೆ 28 ಮಿಲಿಸೆಕೆಂಡ್. 380ನ್ನು 28ರಿಂದ ಗುಣಿಸಿ: 10,640. ಹತ್ತೂವರೆ ಸೆಕೆಂಡ್ ಬರೀ ಓಡಾಟಕ್ಕೇ ಹೋಗುತ್ತಿತ್ತು. ಎಷ್ಟೇ ದೊಡ್ಡ ಮಷೀನ್ ತಂದರೂ ಈ ದಾರಿ ಚಿಕ್ಕದಾಗಲ್ಲ. ಇನ್ನೂ ಹತ್ತಿರದ ಡೇಟಾ ಸೆಂಟರ್ ಹಿಡಿದು ಪಿಂಗ್ ಅರ್ಧಕ್ಕೆ ಇಳಿಸಿದರೂ ಐದು ಸೆಕೆಂಡ್ ಉಳಿದೇ ಉಳಿಯುತ್ತದೆ.

ಒಬ್ಬರಿಗೆ ಹನ್ನೊಂದು, ಮೂವರಿಗೆ ಅರ್ಧ ನಿಮಿಷ ಯಾಕೆ? ಇದು ತಿಳಿಯಲು ಒಂದು ದಿನ ಬೇಕಾಯಿತು. ಸಾಫ್ಟ್‌ವೇರ್ ಮೊದಲು ಟ್ರಾನ್ಸಾಕ್ಷನ್ ತೆರೆದು ಪಟ್ಟಿ ನಂಬರ್ ಹಿಡಿಯುತ್ತದೆ. ನಂಬರ್ ಮಧ್ಯೆ ತಪ್ಪಬಾರದು ಅಂತ ಆ ಸಾಲಿಗೆ ಬೀಗ ಹಾಕುತ್ತದೆ. ಆಮೇಲೆ 380 ಸಲ ಓಡಾಡಿ, ಕೊನೆಗೆ ಬೀಗ ತೆಗೆಯುತ್ತದೆ. ಮೊದಲು ಕಣ್ಣು ಮಿಟುಕಿಸುವಷ್ಟು ಹೊತ್ತು ಇರುತ್ತಿದ್ದ ಬೀಗ ಈಗ ಹನ್ನೊಂದು ಸೆಕೆಂಡ್ ಇರುತ್ತಿತ್ತು. ಅಲ್ಲಿವರೆಗೆ ಉಳಿದ ಇಬ್ಬರೂ ಕಾಯಬೇಕು. ನಿಮ್ಮಲ್ಲೂ ಹೀಗಾಗುತ್ತಿದೆಯಾ ಅಂತ ನೋಡಲು, ಕೌಂಟರ್ ಬಿಜಿ ಇರುವಾಗ ಇದನ್ನು ನಾಲ್ಕೈದು ಸಲ ಓಡಿಸಿ, ಎಸ್‌ಕ್ಯೂಎಲ್ ಸರ್ವರ್ 2012 ಅಥವಾ ಅದಕ್ಕಿಂತ ಹೊಸದು ಇರಬೇಕು:

```sql
SELECT session_id, host_name, status, open_transaction_count
FROM sys.dm_exec_sessions
WHERE is_user_process = 1;
```

ನನಗೆ ಪ್ರತಿ ಸಲವೂ ಒಂದು ಸಾಲು `sleeping` ಅಂತಲೂ, ಅದರ ಮುಂದೆ `1` ಅಂತಲೂ ಕಾಣುತ್ತಿತ್ತು. ಟ್ರಾನ್ಸಾಕ್ಷನ್ ತೆರೆದೇ ಇದೆ, ಸರ್ವರ್ ಮಾತ್ರ ಮಲಗಿದೆ, ಅಂಗಡಿಯಿಂದ ಮುಂದಿನ ಮಾತು ಬರಲಿ ಅಂತ ಕಾಯುತ್ತಿದೆ. ಹೀಗೆ ಕಂಡರೆ ತೊಂದರೆ ಮಷೀನಿನದಲ್ಲ, ಸಾಫ್ಟ್‌ವೇರ್ ಮಾತಾಡುವ ರೀತಿಯದು.

"ಹಳೇ ಡಬ್ಬನೇ ಚಲೋ ಇತ್ತಲ್ರಿ" ಅಂದರು ಸಾಹುಕಾರರು. ತಪ್ಪೇನಿಲ್ಲ ಅವರದು.

ಕೋಡ್ ಮುಟ್ಟದೆ ಇನ್ನೊಂದು ದಾರಿ ಇತ್ತು, ಅದನ್ನೂ ನೋಡಿದೆ. ಸಾಫ್ಟ್‌ವೇರನ್ನೂ ಮುಂಬೈನ ಮಷೀನಿನಲ್ಲೇ ಇಟ್ಟು, ಅಂಗಡಿಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ತೆರೆಯುವುದು. ಡೇಟಾಬೇಸ್ ಪಕ್ಕದಲ್ಲೇ ಇರುವುದರಿಂದ ಸೇವ್ ತಕ್ಷಣ ಆಗುತ್ತದೆ. ಆದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಒಪ್ಪಲಿಲ್ಲ. ನಮ್ಮ ಸಾಫ್ಟ್‌ವೇರ್ ಪ್ರಿಂಟರಿಗೆ ನೇರ ಅಕ್ಷರ ಕಳಿಸುತ್ತಿತ್ತು. ರಿಮೋಟ್ ಡೆಸ್ಕ್‌ಟಾಪ್ ಮೂಲಕ ಹೋಗುವಾಗ ಅದು ಚಿತ್ರವಾಗಿ ಬದಲಾಗಿ, ಪ್ರಿಂಟರ್ ಚುಕ್ಕೆ ಚುಕ್ಕೆಯಾಗಿ ಹೊಡೆಯತೊಡಗಿತು. ಕಾರ್ಬನ್ ಇಟ್ಟ ಒಂದು ಪಟ್ಟಿ ಹೊರಬರಲು ಒಂದು ನಿಮಿಷ. ಅಲ್ಲದೆ ದಿನನಿತ್ಯದ ಕೆಲಸಕ್ಕೆ ಒಬ್ಬೊಬ್ಬರಿಗೂ ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸ್ ಬೇಕು. ವಿಂಡೋಸ್ ಸರ್ವರ್ ಜೊತೆ ಬರುವ ಎರಡು ಕನೆಕ್ಷನ್ ಆಡಳಿತ ನೋಡಿಕೊಳ್ಳುವವರಿಗೆ ಮಾತ್ರ. ಎರಡು ದಿನ ನೋಡಿ ಕೌಂಟರಿನಿಂದ ಅದನ್ನು ತೆಗೆದೆ.

ಕೊನೆಗೆ ಹಳೇ ಡಬ್ಬಕ್ಕೇ ವಾಪಸ್ ಬಂದು ಸೀಸನ್ ಮುಗಿಸಿದೆವು. ಮುಂಬೈನಲ್ಲಿ ಹುಟ್ಟಿದ ಪಟ್ಟಿಗಳನ್ನು ಕೆಳಗೆ ತರಲು ಒಂದು ರಾತ್ರಿ ಹೋಯಿತು. ಜನವರಿಯಲ್ಲಿ ರಿಫ್ಯಾಕ್ಟರಿಂಗ್‌ಗೆ ಕೂತೆ.

ಸಾಫ್ಟ್‌ವೇರಿನಲ್ಲಿ 64 ಸ್ಕ್ರೀನ್ ಇವೆ. ನಾನು ಕೈ ಹಾಕಿದ್ದು ಮೂರಕ್ಕೆ: ಪಟ್ಟಿ, ರೈತರ ಖಾತೆ, ಖರೀದಿದಾರರ ಬಿಲ್. ಪಟ್ಟಿಯಲ್ಲಿ ಮಾಡಿದ್ದು ಇಷ್ಟೇ. ಚೀಲಗಳ ತೂಕವನ್ನೆಲ್ಲ ಕೌಂಟರಿನ ಕಂಪ್ಯೂಟರಿನಲ್ಲೇ ಒಂದು ಟೇಬಲ್ ಆಗಿ ಕೂಡಿಟ್ಟುಕೊಳ್ಳುವುದು, ಸೇವ್ ಒತ್ತಿದಾಗ ಒಂದೇ ಸಲಕ್ಕೆ ಕಳಿಸುವುದು. ದರ ಓದುವುದು, ನಂಬರ್ ಕೊಡುವುದು, ದಾಸ್ತಾನು ತಿದ್ದುವುದು ಎಲ್ಲ ಡೇಟಾಬೇಸಿನೊಳಗೆ ಒಂದು ಸ್ಟೋರ್ಡ್ ಪ್ರೊಸೀಜರ್‌ನಲ್ಲಿ. ಎಸ್‌ಕ್ಯೂಎಲ್ ಸರ್ವರ್ 2008ರಿಂದಲೇ ಈ ಸೌಲಭ್ಯ ಇದೆ:

```sql
CREATE TYPE dbo.ChilaList AS TABLE
  (sl INT, tuka DECIMAL(8,2));
GO
CREATE PROCEDURE dbo.SavePatti
  @reqId UNIQUEIDENTIFIER, @raitaId INT,
  @chila dbo.ChilaList READONLY
AS ...
```

ಒಳಗಿನ ಮೊದಲ ಸಾಲು `SET XACT_ABORT ON`. ಮಧ್ಯದಲ್ಲಿ ಏನಾದರೂ ತಪ್ಪಿದರೆ ಎಲ್ಲವೂ ವಾಪಸ್ ಆಗಲಿ ಅಂತ. ಈಗ 380 ಓಡಾಟ ಮೂರಕ್ಕೆ ಇಳಿಯಿತು. ಬೀಗ ಹಾಕಿ ತೆಗೆಯುವ ಕೆಲಸ ಪೂರ್ತಿ ಸರ್ವರಿನೊಳಗೇ ಮುಗಿಯುವುದರಿಂದ ಕೌಂಟರುಗಳು ಒಂದಕ್ಕೊಂದು ಕಾಯುವುದೂ ತಪ್ಪಿತು. ಅದೇ 120 ಚೀಲ, ಅದೇ ಮುಂಬೈ, ಅರ್ಧ ಸೆಕೆಂಡಿಗಿಂತ ಕಡಿಮೆ. ಮಷೀನನ್ನು ಮತ್ತೆ `t3.large`ಗೆ ಇಳಿಸಿದೆ.

ಮೇಲೆ `@reqId` ಅಂತ ಒಂದಿದೆ ನೋಡಿ, ಅದನ್ನು ಬಿಟ್ಟು ಮಾತ್ರ ಮಾಡಬೇಡಿ. ಪರೀಕ್ಷೆ ಮಾಡುವಾಗ ಬೇಕಂತಲೇ ಸೇವ್ ಒತ್ತಿ ತಕ್ಷಣ ನೆಟ್ ವೈರ್ ಕಿತ್ತೆ. ಕೌಂಟರಿನಲ್ಲಿ ಸೇವ್ ಆಗಲಿಲ್ಲ ಅಂತ ಬಂತು. ವೈರ್ ಚುಚ್ಚಿ ಮತ್ತೆ ಸೇವ್ ಒತ್ತಿದೆ. ಡೇಟಾಬೇಸಿನಲ್ಲಿ ನೋಡಿದರೆ ಎರಡು ಪಟ್ಟಿ! ಮೊದಲನೆಯದು ಅಲ್ಲಿ ಸೇವ್ ಆಗಿಯೇ ಇತ್ತು, ಆಯಿತು ಅನ್ನುವ ಉತ್ತರ ಮಾತ್ರ ಇಲ್ಲಿಗೆ ಬಂದಿರಲಿಲ್ಲ. ಒಬ್ಬ ರೈತರಿಗೆ ಎರಡು ಸಲ ದುಡ್ಡು ಹೋದರೆ ಯಾರು ಹೊಣೆ? ಅದಕ್ಕೇ ಪಟ್ಟಿ ತೆರೆದ ಕೂಡಲೇ ಕೌಂಟರಿನಲ್ಲೇ ಒಂದು ಗುರುತು ಹುಟ್ಟುತ್ತದೆ. ಎಷ್ಟು ಸಲ ಸೇವ್ ಒತ್ತಿದರೂ ಅದೇ ಗುರುತು ಹೋಗುತ್ತದೆ. ಆ ಕಾಲಮಿನ ಮೇಲೆ ಯುನೀಕ್ ಇಂಡೆಕ್ಸ್ ಇದೆ. ಎರಡನೇ ಸಲ ಬಂದರೆ ಹೊಸ ಪಟ್ಟಿ ಮಾಡದೆ ಹಳೇ ಪಟ್ಟಿಯ ನಂಬರನ್ನೇ ಕೊಡುತ್ತದೆ.

ಸಮಯದಲ್ಲಿ ಲಿಫ್ಟ್ ಅಂಡ್ ಶಿಫ್ಟೇ ಗೆಲ್ಲುತ್ತದೆ: ಅದು ಒಂದು ಭಾನುವಾರ, ಇದು ಏಳು ವಾರದ ಸಂಜೆಗಳು. ನೆಟ್ ಹೋದರೆ ಎರಡೂ ನಿಲ್ಲುತ್ತವೆ, ಎರಡನೇ ಲೈನ್ ಇಟ್ಟುಕೊಳ್ಳಿ. ಬ್ಯಾಕಪ್ ವಿಷಯದಲ್ಲಿ ವ್ಯತ್ಯಾಸವಿಲ್ಲ.

ಉಳಿದ 61 ಸ್ಕ್ರೀನ್ ಹೇಗಿದ್ದವೋ ಹಾಗೇ ಹೋದವು. ವರ್ಷಕ್ಕೊಮ್ಮೆ ಆಡಿಟರಿಗೆ ತೆಗೆಯುವ ರಿಪೋರ್ಟ್ ನಲವತ್ತು ಸೆಕೆಂಡ್ ತಗೊಂಡರೆ ತಗೊಳ್ಳಲಿ, ಅದನ್ನು ಬರೆದು ಸರಿಮಾಡುವ ಸಂಜೆಗಳು ನನ್ನ ಹತ್ತಿರ ಇಲ್ಲ. ನಾನು ಒಬ್ಬನೇ ಕೆಲಸ ಮಾಡುವವನು, ಈ ಸಾಫ್ಟ್‌ವೇರಿನ ಕೋಡ್ ನನ್ನ ಕೈಯಲ್ಲೇ ಇದೆ, ಹಾಗಾಗಿ ರಿಫ್ಯಾಕ್ಟರಿಂಗ್ ನನಗೆ ಬರೀ ಸಮಯದ ಖರ್ಚು. ಕೋಡ್ ಬರೆದವರು ಊರು ಬಿಟ್ಟು ಹೋಗಿ, ನಿಮ್ಮ ಹತ್ತಿರ ಬರೀ `.exe` ಉಳಿದಿದ್ದರೆ ಈ ದಾರಿಯೇ ಇಲ್ಲ. ಆಗ ರಿಮೋಟ್ ಡೆಸ್ಕ್‌ಟಾಪ್ ಹಿಡಿದು, ಲೈಸೆನ್ಸಿನ ದುಡ್ಡು ಕೊಟ್ಟು, ಡಾಟ್ ಮ್ಯಾಟ್ರಿಕ್ಸ್ ಬದಲು ಲೇಸರ್ ಪ್ರಿಂಟರ್ ತರುವುದೇ ವಾಸಿ.

ಯಾವುದಕ್ಕೂ ಸಾಗಿಸುವ ಮೊದಲು ಒಂದು ಪರೀಕ್ಷೆ ಮಾಡಿ. ನಾನು ಸೆಪ್ಟೆಂಬರ್‌ನಲ್ಲಿ ಇದನ್ನು ಮಾಡಿದ್ದರೆ ಅಕ್ಟೋಬರ್ ಬೇರೆ ಥರ ಇರುತ್ತಿತ್ತು. ಕೌಂಟರಿಗೂ ಸರ್ವರಿಗೂ ನಡುವೆ ರೂಟರ್ ಆಗಿ ಒಂದು ಹಳೇ ಲಿನಕ್ಸ್ ಲ್ಯಾಪ್‌ಟಾಪ್ ಇಡಿ. ಅದರಲ್ಲಿ ಸರ್ವರ್ ಕಡೆಯ ವೈರಿಗೆ ಮಾತ್ರ ಈ ಸಾಲು ಕೊಡಿ:

```
tc qdisc add dev eth0 root netem delay 28ms
```

`eth0` ಜಾಗದಲ್ಲಿ ನಿಮ್ಮ ಇಂಟರ್ಫೇಸ್ ಹೆಸರು, 28ರ ಜಾಗದಲ್ಲಿ ನಿಮ್ಮ ಊರಿಂದ ಬರುವ ಪಿಂಗ್. ಸರ್ವರ್ ಅಂಗಡಿಯಲ್ಲೇ ಇದ್ದರೂ ಸಾಫ್ಟ್‌ವೇರಿಗೆ ಮುಂಬೈನಲ್ಲಿದ್ದ ಹಾಗೆ ಕಾಣುತ್ತದೆ. ಆಮೇಲೆ ಗುಮಾಸ್ತರನ್ನು ಕೂರಿಸಿ, ಹತ್ತು ಚೀಲದ ಪಟ್ಟಿ ಬೇಡ, ಸೀಸನ್ನಿನ ಅತಿ ದೊಡ್ಡ ಪಟ್ಟಿಯನ್ನೇ ಮಾಡಿಸಿ. ಮೂರೂ ಕೌಂಟರಿನಿಂದ, ಒಟ್ಟಿಗೆ.